ಫ್ರೀಕ್ವೆನ್ಸಿ 49.27ಕ್ಕೇ ನಿಂತರೆ ಗವರ್ನರ್ ಕೆಟ್ಟಿದೆ ಅಂತಲಾ?

ಪ್ರಶ್ನೆ: ಸಾರ್, ನಾನು ಸಕ್ಕರೆ ಕಾರ್ಖಾನೆಯ ಪವರ್ ಹೌಸ್‌ನಲ್ಲಿ ಶಿಫ್ಟ್ ಆಪರೇಟರ್. ಗ್ರಿಡ್ ಇರಲಿಲ್ಲ, ನಮ್ಮ ಮೂರು ಟರ್ಬೈನ್‌ಗಳ ಮೇಲೆ ಓಡ್ತಿದ್ವಿ. 15 ಮೆಗಾವಾಟ್‌ನ ಒಂದನೇ ಮೆಷಿನ್ ಮೇಲೆ 9, 10 ಮೆಗಾವಾಟ್‌ನ ಎರಡನೇದರ ಮೇಲೆ 6, ಮೂರನೇದರ ಮೇಲೆ 4.4 ಲೋಡ್ ಇತ್ತು. ಮೂರನೇದು ಟ್ರಿಪ್ ಆಯ್ತು. ಒಂದನೇದು 13.4ಕ್ಕೆ ಏರಿತು, ಎರಡನೇದು 6ರಲ್ಲೇ ಇತ್ತು, ಫ್ರೀಕ್ವೆನ್ಸಿ 49.27ಕ್ಕೆ ನಿಂತುಬಿಡ್ತು. ಒಂದನೇ ಗವರ್ನರ್ ಕೆಟ್ಟಿದೆ, ಅದಕ್ಕೇ 50ಕ್ಕೆ ತರಲಿಲ್ಲ ಅಂತಾರೆ. ಹೌದಾ? ಡ್ರೂಪ್ ಒಂದನೇದಕ್ಕೆ 5%, ಎರಡನೇದಕ್ಕೆ 4%.

ಉತ್ತರ: ಒಂದನೇ ಗವರ್ನರ್ ಅಚ್ಚುಕಟ್ಟಾಗಿ ಕೆಲಸ ಮಾಡಿದೆ. ನೋಡಬೇಕಾದ್ದು ಎರಡನೇದನ್ನು.

5% ಡ್ರೂಪ್ ಅಂದ್ರೆ ಫ್ರೀಕ್ವೆನ್ಸಿ 50ರ 5%, ಅಂದರೆ 2.5 ಹರ್ಟ್ಜ್ ಬಿದ್ದರೆ ಗವರ್ನರ್ ಮೆಷಿನ್‌ನ ಪೂರ್ತಿ ಸಾಮರ್ಥ್ಯದಷ್ಟು ಲೋಡ್ ಏರಿಸುತ್ತದೆ. 15 ಮೆಗಾವಾಟ್‌ಗೆ 2.5 ಹರ್ಟ್ಜ್, ಅಂದರೆ ಒಂದು ಹರ್ಟ್ಜ್‌ಗೆ 6 ಮೆಗಾವಾಟ್. ನಿಮ್ಮ ಒಂದನೇದು 4.4 ಏರಿಸಿದೆ. 4.4ನ್ನು 6ರಿಂದ ಭಾಗಿಸಿ: 0.73. 50ರಲ್ಲಿ ಕಳೆದರೆ 49.27. ನಿಮ್ಮ ಮೀಟರ್ ತೋರಿಸಿದ್ದೂ ಅಷ್ಟೇ!

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಡ್ರೂಪ್‌ನಲ್ಲಿರುವ ಗವರ್ನರ್‌ಗೆ 50ಕ್ಕೆ ವಾಪಸ್ ತರುವ ಕೆಲಸವೇ ಇಲ್ಲ. ಫ್ರೀಕ್ವೆನ್ಸಿ ಒಂದಿಷ್ಟು ಕೆಳಗೆ ಉಳಿದರೇನೇ ಆ ಹೆಚ್ಚಿನ ವಾಲ್ವ್ ತೆರೆದುಕೊಂಡಿರುತ್ತದೆ. ಬೀಳುವುದನ್ನು ತಡೆದು ಒಂದು ಕಡೆ ನಿಲ್ಲಿಸುವುದಷ್ಟೇ ಅದರ ಪಾಲು. ನಿಲ್ಲುವ ಮುಂಚೆ ಒಂದೆರಡು ಸೆಕೆಂಡು ಮುಳ್ಳು 49.27ಕ್ಕಿಂತ ಇನ್ನೂ ಕೆಳಗೆ ಹೋಗಿ ಬಂದಿರುತ್ತದೆ, ಯಾಕಂದ್ರೆ ವಾಲ್ವ್ ತೆರೆದು ಸ್ಟೀಮ್ ಬರುವವರೆಗೆ ಕೊರತೆ ತುಂಬುವುದು ತಿರುಗುತ್ತಿರುವ ರೋಟರ್‌ಗಳ ವೇಗವೇ.

ಈಗ ಎರಡನೇದು. 4% ಅಂದ್ರೆ 2 ಹರ್ಟ್ಜ್‌ಗೆ 10 ಮೆಗಾವಾಟ್, ಹರ್ಟ್ಜ್‌ಗೆ 5. ಎರಡೂ ಕೈ ಜೋಡಿಸಿದ್ದರೆ ಹರ್ಟ್ಜ್‌ಗೆ 11 ಆಗಿ, ಫ್ರೀಕ್ವೆನ್ಸಿ ಬರೀ 0.4 ಬಿದ್ದು 49.6ಕ್ಕೆ ನಿಲ್ಲುತ್ತಿತ್ತು. ಒಂದನೇದು 2.4, ಎರಡನೇದು 2 ಹೆಚ್ಚಿಗೆ ಹೊರುತ್ತಿದ್ದವು. ಅಂದರೆ ಒಂದನೇದು 11.4ಕ್ಕೆ ಹೋಗಿ ತನ್ನ ಸಾಮರ್ಥ್ಯದ 76%, ಎರಡನೇದು 8ಕ್ಕೆ ಹೋಗಿ 80%. ಇಬ್ಬರ ಡ್ರೂಪ್ ಒಂದೇ ಇದ್ದರೆ ಈ ವ್ಯತ್ಯಾಸವೂ ಇರುತ್ತಿರಲಿಲ್ಲ, ಗಾತ್ರಕ್ಕೆ ತಕ್ಕಂತೆ ಹೊರುತ್ತಿದ್ದವು.

ಎರಡನೇದು ಯಾಕೆ ಅಲುಗಲಿಲ್ಲ? ಸಕ್ಕರೆ ಕಾರ್ಖಾನೆ ಅಂದ ಕೂಡಲೇ ನನ್ನ ಅನುಮಾನ ಒಂದೇ: ಅದು ಬ್ಯಾಕ್ ಪ್ರೆಶರ್ ಟರ್ಬೈನ್ ಆಗಿದ್ದು ಪ್ರೆಶರ್ ಕಂಟ್ರೋಲ್ ಮೋಡ್‌ನಲ್ಲಿ ಓಡುತ್ತಿದ್ದಿರಬೇಕು. ಆ ಮೋಡ್‌ನಲ್ಲಿ ವಾಲ್ವ್ ನೋಡುವುದು ಎಕ್ಸಾಸ್ಟ್ ಪ್ರೆಶರ್‌ನ ಮುಖ, ಫ್ರೀಕ್ವೆನ್ಸಿಯದ್ದಲ್ಲ. ಜ್ಯೂಸ್ ಕಾಯಿಸಲು ಎಷ್ಟು ಸ್ಟೀಮ್ ಬೇಕೋ ಅಷ್ಟೇ ಬಿಡುತ್ತದೆ, ಕರೆಂಟ್ ಬಂದಷ್ಟು ಬಂತು. ಗ್ರಿಡ್ ಇದ್ದಾಗ ಇದರಿಂದ ತೊಂದರೆಯಿಲ್ಲ. ಗ್ರಿಡ್ ಹೋದ ಮೇಲೂ ಹಾಗೇ ಬಿಟ್ಟರೆ ಭಾರವೆಲ್ಲ ಒಂದೇ ಮೆಷಿನ್ ಮೇಲೆ.

ಇನ್ನೊಂದು ಸಾಧ್ಯತೆ, ಯಾರೋ ಲೋಡ್ ಲಿಮಿಟರ್ 6ಕ್ಕೆ ಇಟ್ಟು ಮರೆತಿರುವುದು. ಆ ಹೊತ್ತಿನ ಟ್ರೆಂಡ್ ತೆಗೆದು ವಾಲ್ವ್ ಪೊಸಿಷನ್ ನೋಡಿ. ಗೆರೆ ಎಳೆದಂತೆ ನೆಟ್ಟಗಿದ್ದರೆ ಲಿಮಿಟರ್. ಎಕ್ಸಾಸ್ಟ್ ಪ್ರೆಶರ್ ಜೊತೆ ಸಣ್ಣಗೆ ಏರಿಳಿಯುತ್ತಿದ್ದರೆ ಮೋಡ್.

50ಕ್ಕೆ ತರುವುದು ಎರಡನೇ ಹಂತದ ಕೆಲಸ, ಅದನ್ನು ನೀವೇ ಮಾಡಬೇಕು: ಸ್ಪೀಡ್ ರೈಸ್ ಒತ್ತಬೇಕು. ಆವತ್ತು ಒಂದನೇದರ ರೈಸ್ ಒತ್ತಿದ್ದರೆ ಫ್ರೀಕ್ವೆನ್ಸಿ ಏರುತ್ತಿತ್ತು, ಮೆಗಾವಾಟ್ ಹೆಚ್ಚು ಕಮ್ಮಿ 13.4ರಲ್ಲೇ ಇರುತ್ತಿತ್ತು. ಗ್ರಿಡ್ ಜೊತೆ ಇದ್ದಾಗ ಅದೇ ಬಟನ್ ಮೆಗಾವಾಟ್ ಏರಿಸುತ್ತದೆ, ಫ್ರೀಕ್ವೆನ್ಸಿ ಕದಲಲ್ಲ. ಅಲ್ಲಿ ಹೊರುವವರು ಬೇರೆ ಸಾವಿರ ಜನ ಇದ್ದಾರೆ, ಇಲ್ಲಿ ಉಳಿದಿದ್ದು ನೀವೊಬ್ಬರೇ.

ಎರಡನೇದನ್ನು ಡ್ರೂಪ್‌ಗೆ ತಂದ ಮೇಲೆ ಒಂದು ಎಚ್ಚರ. 49.6ರಿಂದ ಬರೀ ಒಂದನೇದರ ರೈಸ್ ಒತ್ತುತ್ತಾ 50ಕ್ಕೆ ತಂದರೆ, ಫ್ರೀಕ್ವೆನ್ಸಿ ಏರಿದಂತೆ ಎರಡನೇದು ತಾನು ಹೊತ್ತ 2 ಮೆಗಾವಾಟ್ ಇಳಿಸಿ 6ಕ್ಕೆ ಹೋಗುತ್ತದೆ, ಒಂದನೇದು ಮತ್ತೆ 13.4! ಎರಡನ್ನೂ ಸ್ವಲ್ಪ ಸ್ವಲ್ಪ ಏರಿಸಿ.

ದೊಡ್ಡ ಗ್ರಿಡ್‌ನಲ್ಲೂ ಲೆಕ್ಕ ಇದೇ. ಶರಾವತಿಯ 103.5 ಮೆಗಾವಾಟ್‌ನ ಒಂದು ಯೂನಿಟ್ 5% ಡ್ರೂಪ್‌ನಲ್ಲಿದ್ದರೆ 0.1 ಹರ್ಟ್ಜ್ ಬಿದ್ದಾಗ ಕೊಡುವುದು ಸುಮಾರು 4 ಮೆಗಾವಾಟ್. ಅಂಥ ನೂರಾರು ಮೆಷಿನ್ ಸೇರಿ ತಡೆಯುತ್ತವೆ. ಆಮೇಲೆ ನಿಮ್ಮ ರೈಸ್ ಬಟನ್ ಕೆಲಸವನ್ನು ಲೋಡ್ ಡಿಸ್ಪ್ಯಾಚ್ ಸೆಂಟರ್‌ನಿಂದ ಬರುವ ಸಿಗ್ನಲ್ ಮಾಡುತ್ತದೆ.

ಪದೇ ಪದೇ ಬಟನ್ ಒತ್ತುವುದು ಬೇಡ ಅಂದರೆ ಗ್ರಿಡ್ ಇಲ್ಲದಾಗ ಒಂದನೇದನ್ನು ಐಸೋಕ್ರೋನಸ್ ಮಾಡಿ, ಎರಡನೇದು ಡ್ರೂಪ್‌ನಲ್ಲೇ ಇರಲಿ. ಫ್ರೀಕ್ವೆನ್ಸಿ ತಾನಾಗೇ 50ಕ್ಕೆ ಬರುತ್ತದೆ. ಆದರೆ ಏರಿಳಿತವೆಲ್ಲ ಒಂದನೇದರದ್ದೇ ಆಗುವುದರಿಂದ ಅದರಲ್ಲಿ ಕನಿಷ್ಠ 4.4 ಮೆಗಾವಾಟ್ ಜಾಗ ಖಾಲಿ ಇಟ್ಟಿರಿ. ಎರಡನ್ನೂ ಮಾತ್ರ ಐಸೋಕ್ರೋನಸ್ ಮಾಡಬೇಡಿ. ಲೋಡ್ ಶೇರಿಂಗ್ ಕಂಟ್ರೋಲರ್ ಇಲ್ಲದಿದ್ದರೆ ಒಂದು ಎಳೆದರೆ ಇನ್ನೊಂದು ಬಿಡುತ್ತಾ ಕಿತ್ತಾಡಿ, ಕೊನೆಗೆ ಯಾವುದೋ ಒಂದು ರಿವರ್ಸ್ ಪವರ್‌ನಲ್ಲಿ ಟ್ರಿಪ್ ಆಗುತ್ತದೆ.