ಗಿರಣಿಯ ಜಗಳ ಅಳಿಸಬೇಡಿ

ಸಂಪಾದಕರೇ,
ಮುಂದಿನ ತಿಂಗಳು ನಮ್ಮ ಅವ್ವನ ಮೊದಲ ಪುಣ್ಯಸ್ಮರಣೆ. ಮಣ್ಣು ಮಾಡಿದ ದಿನ ನಾನೇ ಮಾತಾಡಿದ್ದೆ, ಎಲ್ಲರೂ ಅತ್ತರು. ಈ ಸಲ ಬರೆದು ಓದಬೇಕೆಂದಿದ್ದೇನೆ. ಅವ್ವ ಗಿರಣಿಯವನ ಜೊತೆ ಜಗಳ ಆಡುತ್ತಿದ್ದುದನ್ನೂ ಬರೆದೆ. ಅಣ್ಣ ಸಿಟ್ಟಾದ. ‘ಸತ್ತವರ ಬಗ್ಗೆ ಒಳ್ಳೇದೇ ಹೇಳಬೇಕು’ ಅಂತಾನೆ. ಯಾರು ಸರಿ?
— ಓದುಗ, ಆಳಂದ ತಾಲ್ಲೂಕು

ನಿಮ್ಮ ಅಣ್ಣನ ಮಾತನ್ನು ತಳ್ಳಿಹಾಕುವುದಿಲ್ಲ. ಬೀಗರು, ಊರ ಹಿರಿಯರು ಕೂತಿರುತ್ತಾರೆ. ಯಾರಾದರೂ ಅವ್ವನ ಬಗ್ಗೆ ಹಗುರಾಗಿ ನಕ್ಕರೆ ಅನ್ನುವ ಅಂಜಿಕೆ ಅವರಿಗೆ. ಆದರೆ ನನ್ನ ವೋಟು ನಿಮಗೇ.

ಮಣ್ಣು ಮಾಡಿದ ದಿನದ ಮಾತು ಅಳುವವರಿಗೆ ಆಸರೆ. ಅಲ್ಲಿ ‘ತ್ಯಾಗಮಯಿ’ ಅಂದರೂ ನಡೆಯುತ್ತದೆ, ಯಾರೂ ಕಿವಿಗೊಟ್ಟು ಕೇಳುತ್ತಿರುವುದಿಲ್ಲ. ವರ್ಷದ ನಂತರ ಕೇಳುವವರು ಊಟಕ್ಕೂ ಬಂದಿರುತ್ತಾರೆ, ನೆನಪಿಗೂ ಬಂದಿರುತ್ತಾರೆ. ಆಗ ಹೇಳಬೇಕಾದ್ದು ಅವ್ವನ ಇಡೀ ಬದುಕನ್ನಲ್ಲ, ಅವಳಿಲ್ಲದೆ ಕಳೆದ ಈ ಒಂದು ವರ್ಷವನ್ನು.

ಎಳ್ಳಮಾಸೆಯನ್ನೇ ತಗೊಳ್ಳಿ. ನಮ್ಮ ಕಲಬುರಗಿ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಣ್ಣುವ ದಿನ. ಸಾವಾದ ಮನೆಯಲ್ಲಿ ಎಷ್ಟೋ ಕಡೆ ಆ ವರ್ಷ ಹಬ್ಬ ಮಾಡುವುದಿಲ್ಲ, ಪಕ್ಕದ ಮನೆಯಿಂದ ಭಜ್ಜಿ ಬರುತ್ತದೆ. ನಿಮ್ಮಲ್ಲೂ ಬಂದಿತ್ತಾ? ಬಂದಿದ್ದರೆ, ಯಾರು ಮೊದಲು ತಟ್ಟೆ ಸರಿಸಿದರು, ಯಾರು ‘ಉಪ್ಪು ಜಾಸ್ತಿ’ ಅಂದರು, ಅದನ್ನು ಬರೆಯಿರಿ. ಮಣ್ಣು ಮಾಡುವ ದಿನ ಆ ಸಂಗತಿ ಹುಟ್ಟೇ ಇರಲಿಲ್ಲ, ಅಲ್ವಾ?

ಇನ್ನು ಗಿರಣಿ. ಗಿರಣಿಯಲ್ಲಿ ಹಿಂದಿನವರ ಗೋಧಿ ಹಿಟ್ಟು ಕಲ್ಲಿನಲ್ಲಿ ಉಳಿದಿರುತ್ತದೆ, ಮೊದಲು ಬೀಳುವ ಜೋಳದ ಹಿಟ್ಟಿಗೆ ಅದು ಸೇರುತ್ತದೆ. ಹಿಟ್ಟು ಹಳೆಯದಾದರೂ ಕಷ್ಟ: ಜಿಗಿ ಹೋಗಿ, ಕುದಿನೀರು ಹಾಕಿ ನಾದಿದರೂ ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ. ದಿನಾ ರೊಟ್ಟಿ ಬಡಿಯುವ ಹೆಂಗಸು ಅದಕ್ಕೇ ಗಿರಣಿಯ ಮುಂದೆ ನಿಂತು ಜಗಳ ಆಡುತ್ತಾಳೆ. ನಿಮ್ಮ ಅಣ್ಣನಿಗೆ ಅದು ಅವ್ವನ ಕೆಟ್ಟ ಗುಣವಾಗಿ ಕಂಡಿದೆ. ನನಗೆ ಅದು ಇಡೀ ಮನೆಯ ಊಟ ಅವಳ ಕೈಯಲ್ಲಿತ್ತು ಅನ್ನುವುದಕ್ಕೆ ಸಾಕ್ಷಿ. ‘ಅನ್ನಪೂರ್ಣೆ’ ಅಂತ ಹತ್ತು ಸಲ ಬರೆದರೂ ಇದು ಸಿಗುವುದಿಲ್ಲ.

ಆದರೆ ನಿಮಗೂ ಒಂದು ಮಾತು. ಜಗಳ ಅಂತ ಬರೆದು ಬಿಟ್ಟಿದ್ದೀರಿ. ಅವ್ವ ಬೈದದ್ದು ಏನು, ಗಿರಣಿಯವನು ಏನಂದ? ಅದಿಲ್ಲದಿದ್ದರೆ ಸುಮ್ನೆ ಚಾಡಿ ಆಗುತ್ತದೆ.

ಸತ್ತವರ ದಿನಕ್ಕೆ ಸಂಭ್ರಮ ನಮ್ಮೂರಿಗೆ ಹೊಸದಲ್ಲ. ಕಲಬುರಗಿಯ ಸೂಫಿ ಸಂತ ಬಂದೇ ನವಾಜರು 1422ರಲ್ಲಿ ತೀರಿಕೊಂಡರು, ಅವರ ಉರುಸಿಗೆ ಇವತ್ತಿಗೂ ಜಾತ್ರೆಯೇ ನೆರೆಯುತ್ತದೆ. ಆದರೆ ನಮ್ಮ ಸ್ಮರಣೆಯ ಫ್ಲೆಕ್ಸ್‌ಗಳನ್ನು ನೋಡಿ: ತೀರಿಕೊಂಡ ತಾಯಿಯ ಫೋಟೋ ಮೂಲೆಯಲ್ಲಿ, ಕೈಮುಗಿದ ಲೀಡರುಗಳು ಆಳೆತ್ತರ! ಕೆಳಗೆ ‘ದುಃಖತಪ್ತರು’ ಅಂತ ನಲವತ್ತು ಹೆಸರು. ಪತ್ರಿಕೆಗೆ ಬರುವ ಜಾಹೀರಾತೂ ಅಷ್ಟೇ, ಹೆಸರು ಬದಲಿಸಿದರೆ ಯಾರ ತಾಯಿಗಾದರೂ ಸರಿಹೋಗುತ್ತದೆ.

ಅಣ್ಣನ ಜೊತೆ ಜಗಳ ಬೇಡ. ಒಂದು ಪ್ಯಾರಾ ಅವರಿಂದಲೂ ಬರೆಸಿ. ಗಿರಣಿಗೆ ಚೀಲ ಹೊತ್ತದ್ದು ಅವರೇ ಇರಬೇಕು.