ಕಪ್ಪು ಅಕ್ಷರಕ್ಕೆ ಒಂದೇ ಇಂಕ್ ಸಾಕು

ಪ್ರಶ್ನೆ: ನಮ್ಮ ಪುಸ್ತಕದ ಪಿಡಿಎಫ್ ಆರ್‌ಜಿಬಿಯಲ್ಲಿತ್ತು. ಪ್ರೆಸ್‌ನವರು ಸಿಎಂವೈಕೆ ಬೇಕು ಅಂದರು, ಪೂರ್ತಿ ಫೈಲನ್ನು ಒಂದೇ ಸಲಕ್ಕೆ ಕನ್ವರ್ಟ್ ಮಾಡಿ ಕೊಟ್ಟೆ. ಅಚ್ಚಾಗಿ ಬಂದಾಗ ಚಿಕ್ಕ ಅಕ್ಷರಗಳೆಲ್ಲ ಮಸುಕು, ಅಂಚಿನಲ್ಲಿ ಕೆಂಪು ನೀಲಿ ನೆರಳು. ಮಷಿನ್ ಸರಿ ಇಲ್ಲ ಅಲ್ವಾ?

ಮಷಿನ್ ಸರಿಯಾಗೇ ಇರಬಹುದು. ಎಡವಟ್ಟಾಗಿದ್ದು ಆ 'ಒಂದೇ ಸಲ'ದಲ್ಲಿ. ನಾನು ಪ್ರೀಪ್ರೆಸ್ ಮೇಜಿನಲ್ಲಿ ಕೂತು ದಿನವಿಡೀ ಬೇರೆಯವರ ಫೈಲ್ ನೋಡುವವನು. ಈ ದೂರು ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಈ ಸಲ ಜಾಗವೆಲ್ಲ ಇದಕ್ಕೇ.

ಪರದೆಯ ಮೇಲೆ ಕಪ್ಪು ಅಂದರೆ ಬೆಳಕು ಇಲ್ಲ ಎಂದಷ್ಟೇ. ಆರ್‌ಜಿಬಿ ಅಂದರೆ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ, ಅದರಲ್ಲಿ ಮೂರೂ ಸೊನ್ನೆ. ಸಿಎಂವೈಕೆ ಅಂದರೆ ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಕೆಂಗುಲಾಬಿ, ಹಳದಿ, ಕಪ್ಪು, ಈ ನಾಲ್ಕು ಇಂಕಿನ ಲೆಕ್ಕ. ಕಪ್ಪನ್ನು ಅದಕ್ಕೆ ತಿರುಗಿಸುವ ಸಾಫ್ಟ್‌ವೇರ್‌ಗೆ, ಇದು ಅಕ್ಷರವೋ ಫೋಟೋದಲ್ಲಿರುವ ತಲೆಗೂದಲೋ ಗೊತ್ತಾಗುವುದಿಲ್ಲ. ಆದಷ್ಟೂ ಕಡುಗಪ್ಪು ಬೇಕು ಅನ್ನುವುದೊಂದೇ ಅದಕ್ಕೆ ಗೊತ್ತು. ಕಾಗದದ ಮೇಲೆ ಕಡುಗಪ್ಪು ಬರಬೇಕಾದರೆ ನಾಲ್ಕೂ ಇಂಕ್ ಒಂದರ ಮೇಲೊಂದು ಬೀಳಬೇಕು. ಫೋಟೋಶಾಪ್‌ನಲ್ಲಿ U.S. Web Coated (SWOP) v2 ಪ್ರೊಫೈಲ್ ಇಟ್ಟುಕೊಂಡು ಕಪ್ಪನ್ನು ತಿರುಗಿಸಿ ನೋಡಿ. ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಅಂತ ತೋರಿಸುತ್ತದೆ. ಕೂಡಿದರೆ 300 ಪರ್ಸೆಂಟ್ ಇಂಕ್.

ಫೋಟೋಗೆ ಇದು ಒಳ್ಳೆಯದೇ. 8 ಪಾಯಿಂಟ್ ಅಕ್ಷರಕ್ಕೆ ಮಾತ್ರ ಎರಡು ಕಡೆಯಿಂದ ಪೆಟ್ಟು.

ಒಂದನೆಯದು ರಿಜಿಸ್ಟರ್, ಅಂದರೆ ಎಲ್ಲ ಇಂಕೂ ಕರಾರುವಾಕ್ಕಾಗಿ ಒಂದರ ಮೇಲೊಂದು ಕೂರುವುದು. ನಾಲ್ಕು ಇಂಕಿಗೆ ನಾಲ್ಕು ಪ್ಲೇಟ್. ಒಂದೇ ಅಕ್ಷರವನ್ನು ನಾಲ್ಕು ಸಲ, ಅದೇ ಜಾಗಕ್ಕೆ, ಓಡುತ್ತಿರುವ ಕಾಗದದ ಮೇಲೆ ಒತ್ತಬೇಕು. ಕಾಗದ ನೀರು ಹೀರಿ ಸ್ವಲ್ಪ ಹಿಗ್ಗುತ್ತದೆ. 8 ಪಾಯಿಂಟ್ ಅಕ್ಷರದ ಗೆರೆಯ ದಪ್ಪವೇ ಸುಮಾರು ಕಾಲು ಮಿಲಿಮೀಟರ್. ಅದರಲ್ಲಿ 0.1 ಮಿ.ಮೀ. ಆಚೀಚೆ ಆದರೂ ಮಜೆಂಟಾ ಒಂದು ಪಕ್ಕ, ಸಯಾನ್ ಇನ್ನೊಂದು ಪಕ್ಕ ಇಣುಕುತ್ತದೆ. ನೀವು ನೋಡಿದ ಕೆಂಪು ನೀಲಿ ನೆರಳು ಇದೇ.

ಎರಡನೆಯದನ್ನು ಯಾರೂ ಹೇಳುವುದಿಲ್ಲ. ಆಫ್‌ಸೆಟ್‌ನಲ್ಲಿ 100 ಪರ್ಸೆಂಟ್ ಇದ್ದರೆ ಮಾತ್ರ ಇಂಕ್ ತುಂಬಿಕೊಂಡು ಬೀಳುತ್ತದೆ. ಅದಕ್ಕಿಂತ ಕಡಿಮೆ ಇದ್ದುದೆಲ್ಲ ಚುಕ್ಕಿಗಳು. ಇಂಚಿಗೆ 150 ಸಾಲು ಚುಕ್ಕಿ ಅಂದರೂ ಸಾಲಿಂದ ಸಾಲಿಗೆ 0.17 ಮಿ.ಮೀ. ಅಂತರ. ಗೆರೆಯ ದಪ್ಪವೇ ಕಾಲು ಮಿಲಿಮೀಟರ್ ಇರುವಾಗ ಅದರೊಳಗೆ ಒಂದೋ ಎರಡೋ ಚುಕ್ಕಿ ಹಿಡಿಸಬಹುದು, ಅಷ್ಟೆ. ನಿಮ್ಮ ಅಕ್ಷರದಲ್ಲಿ ಕಪ್ಪು ಕೂಡ 90 ತಾನೆ? ಹಾಗಾಗಿ ನಾಲ್ಕರಲ್ಲಿ ಒಂದು ಇಂಕಿಗೂ ನೆಟ್ಟಗಿನ ಅಂಚಿಲ್ಲ. ರಿಜಿಸ್ಟರ್ ಕೂದಲೆಳೆಯಷ್ಟೂ ತಪ್ಪದೆ ಕೂತರೂ ಅಕ್ಷರ ಮಸುಕಾಗಿಯೇ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಅಂಚು ಗರಗಸದ ಹಾಗೆ ಇರುತ್ತದೆ.

ಅಕ್ಷರಕ್ಕೆ ಬೇಕಾದ್ದು ಸಯಾನ್, ಮಜೆಂಟಾ, ಹಳದಿ ಸೊನ್ನೆ, ಕಪ್ಪು 100. ಅದೊಂದೇ ಪ್ಲೇಟ್.

ಫೈಲ್ ಕೊಡುವ ಮೊದಲು ನೋಡಿಕೊಳ್ಳಲು ಎರಡು ನಿಮಿಷ ಸಾಕು. ಅಕ್ರೊಬ್ಯಾಟ್ ಪ್ರೊನಲ್ಲಿ Print Production ಒಳಗೆ Output Preview ಅಂತ ಇದೆ. ಅದನ್ನು ತೆರೆದು Process Black ಮುಂದಿನ ಟಿಕ್ ತೆಗೆಯಿರಿ. ಅಕ್ಷರಗಳು ಪೂರ್ತಿ ಮಾಯವಾದರೆ ಕ್ಷೇಮ. ಕಂದು ಬಣ್ಣದ ದೆವ್ವದ ಹಾಗೆ ಉಳಿದುಕೊಂಡರೆ ಅವು ನಾಲ್ಕು ಇಂಕಿನ ಅಕ್ಷರಗಳು. ಮೌಸನ್ನು ಅಕ್ಷರದ ಮೇಲೆ ಇಟ್ಟರೆ ಯಾವ ಇಂಕ್ ಎಷ್ಟು ಅಂತ ಪಕ್ಕದಲ್ಲೇ ಬರುತ್ತದೆ.

ಇತ್ತೀಚೆಗೆ ಒಂದು ಪುಸ್ತಕ ನನ್ನ ಮೇಜಿಗೆ ಬಂತು. ಇನ್‌ಡಿಸೈನ್‌ನಲ್ಲಿ ಮಾಡಿದ್ದು. ಅಧ್ಯಾಯದ ತಲೆಬರಹಗಳು ಕತ್ತರಿಸಿಟ್ಟ ಹಾಗೆ ಚೊಕ್ಕ. ಒಳಗಿನ ಪಠ್ಯವೆಲ್ಲ ಮಸುಕು. Output Preview ನೋಡಿದರೆ ತಲೆಬರಹದಲ್ಲಿ ಕಪ್ಪು 100 ಬಿಟ್ಟು ಬೇರೇನೂ ಇಲ್ಲ, ಪಠ್ಯದಲ್ಲಿ ಮಾತ್ರ ಅದೇ 75, 68, 67, 90. ತಲೆಬರಹ ಇನ್‌ಡಿಸೈನ್‌ನಲ್ಲೇ ಟೈಪ್ ಮಾಡಿದ್ದು, ಪಠ್ಯ ವರ್ಡ್ ಫೈಲಿನಿಂದ ಬಂದದ್ದು. ವರ್ಡ್‌ನ ಕಪ್ಪು ಆರ್‌ಜಿಬಿ ಕಪ್ಪು. ಅದು ಒಳಗೆ ಬರುವಾಗ ತನ್ನ ಬಣ್ಣವನ್ನೂ ಹೊತ್ತು ತಂದಿತ್ತು. Swatches ಪಟ್ಟಿಯಲ್ಲಿ Word_R0_G0_B0 ಅಂತ ಒಂದು ಹೆಸರು ಸುಮ್ನೆ ಕೂತಿತ್ತು. ಅದನ್ನು ಡಿಲೀಟ್ ಮಾಡಿಸಿದೆ. ಬದಲಿಗೆ ಯಾವ ಬಣ್ಣ ಅಂತ ಕೇಳುತ್ತದೆ, [Black] ಕೊಡಿಸಿದೆ. ಪಠ್ಯ ಸರಿಹೋಯಿತು.

ಅಡಿಟಿಪ್ಪಣಿ ಮಾತ್ರ ಸರಿಹೋಗಲಿಲ್ಲ. ಅದರ ಬಣ್ಣ ಆರ್‌ಜಿಬಿ 35, 31, 32. ಈ ಮೂರು ಸಂಖ್ಯೆ ಕಂಡರೆ ನನಗೆ ನಗು ಬರುತ್ತದೆ. ಅದು ಮೂಲದಲ್ಲಿ ಸರಿಯಾದ ಕಪ್ಪು 100 ಆಗಿದ್ದದ್ದು. ಯಾರೋ ಅದನ್ನು ಆರ್‌ಜಿಬಿಗೆ ತಿರುಗಿಸಿದ್ದಾರೆ, ಈಗ ಮತ್ತೆ ಸಿಎಂವೈಕೆಗೆ ತರುವಾಗ ನಾಲ್ಕು ಇಂಕಾಗಿ ಒಡೆದಿದೆ. ಹೋದ ದಾರಿಯಲ್ಲೇ ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ, ಬರುವುದಿಲ್ಲ. ಅದಕ್ಕೂ ಕೈಯಾರೆ [Black] ಹಾಕಿಸಬೇಕಾಯಿತು.

ಎಕ್ಸ್‌ಪೋರ್ಟ್ ಮಾಡುವಾಗ Output ಪುಟದಲ್ಲಿ Convert to Destination (Preserve Numbers) ಆರಿಸಿ. ಆಗ ಮೊದಲೇ ಸಿಎಂವೈಕೆಯಲ್ಲಿರುವ ಕಪ್ಪು 100 ಹಾಗೇ ಉಳಿಯುತ್ತದೆ. ಬರೀ Convert to Destination ಆರಿಸಿದರೆ, ಪ್ರೊಫೈಲ್ ಬೇರೆ ಬೇರೆ ಇದ್ದಾಗ, ಸರಿ ಇದ್ದ ಕಪ್ಪೂ ನಾಲ್ಕಾಗಿ ಒಡೆಯಬಹುದು.

ಮೂಲ ಫೈಲ್ ಇಲ್ಲ, ಪಿಡಿಎಫ್ ಮಾತ್ರ ಇದೆ ಅನ್ನುವವರು ಅಕ್ರೊಬ್ಯಾಟ್‌ನ Convert Colors ಬಳಸಿ, Preserve Black ಟಿಕ್ ಹಾಕಿ. ಇದು ಆರ್‌ಜಿಬಿಯ ಅಪ್ಪಟ ಕಪ್ಪನ್ನು ಉಳಿಸುತ್ತದೆ. ಆದರೆ ಇದನ್ನು ಇನ್ನೂ ಕನ್ವರ್ಟ್ ಆಗದ ಫೈಲಿನ ಮೇಲೆ ಮಾಡಬೇಕು. ನೀವು ಈಗಾಗಲೇ ನಾಲ್ಕು ಇಂಕು ಮಾಡಿಟ್ಟ ಫೈಲನ್ನು ಪಕ್ಕಕ್ಕಿಟ್ಟು ಹಳೆಯದನ್ನೇ ಹುಡುಕಿ. ಚಿತ್ರದೊಳಗೆ ಬೆರೆತುಹೋದ ಅಕ್ಷರಕ್ಕೆ ಇದ್ಯಾವುದೂ ನಾಟುವುದಿಲ್ಲ.

ಇನ್ನೊಂದು ಮಾತು. ಇಡೀ ಮುಖಪುಟ ಕಪ್ಪಾಗಿದ್ದರೆ ಲೆಕ್ಕ ಉಲ್ಟಾ. ಅಲ್ಲಿ ಕಪ್ಪು 100 ಒಂದೇ ಹಾಕಿದರೆ ಬೂದಿ ಬಡಿದ ಹಾಗೆ ಕಾಣುತ್ತದೆ. ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಕೊಡಬಹುದು, ಪ್ರೆಸ್‌ನವರು ಬೇರೆ ಅಳತೆ ಹೇಳಿದರೆ ಅವರದ್ದೇ. ಇನ್ನೂ ಕಪ್ಪಾಗಲಿ ಅಂತ [Registration] ಬಣ್ಣ ಬಳಸುವ ಜಾಣರಿದ್ದಾರೆ. ಅದು ನಾಲ್ಕೂ 100, ಒಟ್ಟು 400. ಇಂಕ್ ಒಣಗುವುದಿಲ್ಲ, ಮೇಲಿನ ಶೀಟಿನ ಬೆನ್ನಿಗೆ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಬ್ಲೀಡ್ ಇಟ್ಟಿರಲಿಲ್ಲ. ಪೂರ್ತಿ ಪುಟವನ್ನು ನಾಲ್ಕೂ ಕಡೆ ಸ್ವಲ್ಪ ಎಳೆದು ದೊಡ್ಡದು ಮಾಡಿದರೆ ಆಗುತ್ತದಲ್ವಾ?

ಆಗುವುದಿಲ್ಲ. ಬ್ಲೀಡ್ ಅಂದರೆ ಕತ್ತರಿಸುವ ಗೆರೆಯಾಚೆಗೂ ಹಿನ್ನೆಲೆ ಚಾಚಿಕೊಂಡಿರುವ ಭಾಗ. ಎ5 ಅಂದರೆ 148 ಇಂಟು 210. ಸುತ್ತಲೂ 3 ಮಿ.ಮೀ. ಬ್ಲೀಡ್ ಸೇರಿದರೆ 154 ಇಂಟು 216. ಎಳೆದರೆ ಅಗಲ 4 ಪರ್ಸೆಂಟ್, ಎತ್ತರ 3 ಪರ್ಸೆಂಟಿನಷ್ಟು ಬೆಳೆಯುತ್ತದೆ. ಅಕ್ಷರ ಅಡ್ಡಕ್ಕೆ ಉಬ್ಬುತ್ತದೆ, ಅಂಚಿನ ಹತ್ತಿರ ಇದ್ದ ಪುಟಸಂಖ್ಯೆ ಕಟಿಂಗ್ ಬ್ಲೇಡಿನ ಇನ್ನೂ ಹತ್ತಿರಕ್ಕೆ ಹೋಗುತ್ತದೆ. ಬೆಳೆಸಬೇಕಾದ್ದು ಹಿನ್ನೆಲೆಯ ಚಿತ್ರ ಮತ್ತು ಬಣ್ಣವನ್ನು ಮಾತ್ರ, ಅಕ್ಷರ ಇದ್ದಲ್ಲೇ ಇರಲಿ. ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಕ್ರಾಪ್ ಮಾರ್ಕ್ ಹಾಕಿದ ಮಾತ್ರಕ್ಕೆ ಬ್ಲೀಡ್ ಬರುವುದಿಲ್ಲ. ಎಕ್ಸ್‌ಪೋರ್ಟ್‌ನಲ್ಲಿ Use Document Bleed Settings ಟಿಕ್ ಮರೆತು, ಮಾರ್ಕಿನಾಚೆ ಬರೀ ಬಿಳಿ ಇರುವ ಫೈಲ್ ಕಳಿಸುವವರೇ ಜಾಸ್ತಿ.

ಪ್ರಶ್ನೆ: ಫಾಂಟ್ ಎಂಬೆಡ್ ಆಗಿದೆಯಾ ಅಂತ ಹೇಗೆ ಗೊತ್ತಾಗುತ್ತದೆ? ಎಲ್ಲವನ್ನೂ ಔಟ್‌ಲೈನ್ ಮಾಡಿಬಿಡಿ ಅನ್ನುತ್ತಾರೆ.

ಎಂಬೆಡ್ ಅಂದರೆ ಫಾಂಟ್ ಪಿಡಿಎಫ್ ಒಳಗೇ ಸೇರಿಕೊಂಡಿರುವುದು. ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವುದು ಅದಕ್ಕೆ ಸಾಕ್ಷಿಯಲ್ಲ, ಆ ಫಾಂಟ್ ಅಲ್ಲಿ ಇದ್ದೇ ಇದೆ. ಪಿಡಿಎಫ್ ತೆರೆದು Ctrl+D ಒತ್ತಿ, Fonts ನೋಡಿ. ಪ್ರತಿಯೊಂದರ ಮುಂದೆಯೂ Embedded ಅಥವಾ Embedded Subset ಇರಬೇಕು. ಅಕ್ರೊಬ್ಯಾಟ್ ಇಲ್ಲದಿದ್ದರೆ ಪಾಪ್ಲರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಕಮಾಂಡ್ ಲೈನಿನಲ್ಲಿ ಹೀಗೆ:

```
pdffonts pustaka.pdf
```

emb ಕಾಲಮ್ಮಿನಲ್ಲಿ ಒಂದೇ ಒಂದು no ಇದ್ದರೂ ಫೈಲ್ ಕೊಡಬೇಡಿ. ಪ್ರೆಸ್‌ನ ಯಂತ್ರ ತನ್ನ ಹತ್ತಿರ ಇರುವ ಯಾವುದೋ ಫಾಂಟ್ ತುಂಬಿಸುತ್ತದೆ, ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತದೆ. ಔಟ್‌ಲೈನ್ ಅಂದರೆ ಅಕ್ಷರವನ್ನು ಬರೀ ಆಕಾರವಾಗಿ ಬದಲಿಸುವುದು. ಅದು ಲೋಗೋಗೆ ಸರಿ, ಎಂಬೆಡ್ ಮಾಡಲು ಬಿಡದ ಫಾಂಟಿಗೂ ಸರಿ. ಇನ್ನೂರು ಪುಟದ ಪುಸ್ತಕಕ್ಕೆ ಮಾಡಿದರೆ ಕೊನೆ ಗಳಿಗೆಯಲ್ಲಿ ಕಂಡ ಒಂದು ಕಾಗುಣಿತದ ತಪ್ಪನ್ನೂ ತಿದ್ದಲು ಆಗುವುದಿಲ್ಲ.

ಪ್ರಶ್ನೆ: ಪ್ರತಿ ಪುಟವನ್ನೂ ಜೆಪೆಗ್ ಮಾಡಿ ಮತ್ತೆ ಪಿಡಿಎಫ್ ಮಾಡಿದರೆ ಫಾಂಟ್ ಸಮಸ್ಯೆಯೇ ಇರುವುದಿಲ್ಲ ಅಂತ ಒಂದು ವೀಡಿಯೊದಲ್ಲಿ ನೋಡಿದೆ.

ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ. ಆ ವೀಡಿಯೊ ಮಾಡಿದವರು ತಾವೇ ಒಂದು ಪುಸ್ತಕ ಅಚ್ಚು ಹಾಕಿಸಿ ತೋರಿಸಲಿ.

ಪ್ರಶ್ನೆ: 72 ಡಿಪಿಐ ಚಿತ್ರಕ್ಕೆ 300 ಅಂತ ತುಂಬಿದರೆ?

ಸಂಖ್ಯೆ ಬದಲಾಗುತ್ತದೆ, ಚಿತ್ರ ಬದಲಾಗುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ನಮಗೆ ಯಾಕೆ? ಸಣ್ಣಪುಟ್ಟ ತಪ್ಪನ್ನು ನೀವೇ ಸರಿಮಾಡಿಕೊಳ್ಳಬಹುದಲ್ವಾ?

ಮೊದಲು ಮಾಡುತ್ತಿದ್ದೆ. ಒಮ್ಮೆ ಹೀಗೇ ಒಂದು ಫೈಲಿನ ನಾಲ್ಕು ಇಂಕಿನ ಅಕ್ಷರಗಳನ್ನೆಲ್ಲ ಒಂದೇ ಸಲಕ್ಕೆ ಕಪ್ಪು 100 ಮಾಡಿದೆ, ಯಾರನ್ನೂ ಕೇಳಲಿಲ್ಲ. ಅದರಲ್ಲಿ ಲೇಖಕರ ಹೆಸರು ಕಡು ಕಂದು ಬಣ್ಣದ್ದಾಗಿತ್ತು, ಬೇಕೆಂದೇ ಹಾಗಿಟ್ಟಿದ್ದರು. ಅದೂ ಕಪ್ಪಾಯಿತು. ಪ್ರತಿಗಳೆಲ್ಲ ಅಚ್ಚಾಗಿ ಬೈಂಡ್ ಆದ ಮೇಲೆ ಗೊತ್ತಾಯಿತು, ತಪ್ಪು ಪೂರ್ತಿ ನನ್ನದು. ಆಮೇಲೆ ಯಾರ ಫೈಲಿಗೂ ಕೈ ಹಾಕಿಲ್ಲ. ತಪ್ಪಿರುವ ಪುಟದ ಸಂಖ್ಯೆ ಬರೆದು ವಾಪಸ್ ಕಳಿಸುತ್ತೇನೆ.