ರಾತ್ರಿ ಬಂದ ‘ಊಟ ಆಯ್ತಾ?’ಗೆ ಮೊದಲ ಉತ್ತರ

ಪ್ರಶ್ನೆ: ಪರಿಚಯವಿಲ್ಲದ ಹಿರಿಯರೊಬ್ಬರು ರಾತ್ರಿ 9ಕ್ಕೆ ಚಾಟ್‌ನಲ್ಲಿ ‘ನಮಸ್ಕಾರ, ಊಟ ಆಯ್ತಾ?’ ಅಂತ ಕಳಿಸಿದ್ದಾರೆ. ಏನಂತ ಉತ್ತರಿಸಲಿ?

‘ನಮಸ್ಕಾರ ಸರ್. ಆಯ್ತು, ನಿಮ್ದು ಆಯ್ತಾ? ಹೇಳಿ’ ಎಂದರೆ ಸಾಕು. ಮಹಿಳೆಯಾದರೆ ‘ಮೇಡಂ’. ಊಟದ ಮೆನು ವಿವರಿಸಬೇಕಿಲ್ಲ. ಅದು ಮಾತು ಶುರು ಮಾಡುವ ರೀತಿ ಅಷ್ಟೆ. ಬೆಳಗ್ಗೆಯಾಗಿದ್ದರೆ ‘ತಿಂಡಿ ಆಯ್ತಾ?’ ಎನ್ನುತ್ತಿದ್ದರು.

‘ನಮಸ್ಕಾರ’ಕ್ಕೆ ಹೊತ್ತಿನ ಹಂಗಿಲ್ಲ. ‘ಶುಭೋದಯ’ ಬೆಳಗಿಗೆ ಮಾತ್ರ, ಅದೂ ಮಾತಿಗಿಂತ ಮೆಸೇಜಿನಲ್ಲೇ ಹೆಚ್ಚು. ‘ಶುಭರಾತ್ರಿ’ ಬೀಳ್ಕೊಡುವ ಮಾತು. ಅದನ್ನೇ ಮೊದಲ ಉತ್ತರವಾಗಿ ಕಳಿಸಿದರೆ ‘ಮಾತು ಸಾಕು’ ಎಂದಂತಾಗುತ್ತದೆ.

ಎಡವುವುದು ಹೆಚ್ಚಾಗಿ ಕ್ರಿಯಾಪದದಲ್ಲಿ. ‘ಊಟ ಆಯ್ತಾ?’ದಲ್ಲಿ ನೀನು, ನೀವು ಎರಡೂ ಕಾಣುವುದಿಲ್ಲ, ಹಾಗಾಗಿ ಅವರು ನಿಮ್ಮನ್ನು ಹೇಗೆ ಕರೆಯುತ್ತಾರೆಂದು ಇನ್ನೂ ಗೊತ್ತಿಲ್ಲ. ನೀವಂತೂ ಬಹುವಚನವನ್ನೇ ಹಿಡಿಯಿರಿ: ನಿಮ್ದು, ಹೇಳಿ, ಹೇಗಿದ್ದೀರಿ. ‘ನಮಸ್ಕಾರ ಸರ್, ಹೇಗಿದ್ದೀಯಾ?’ ಎಂದರೆ ‘ಸರ್’ ಕೊಟ್ಟ ಮರ್ಯಾದೆಯನ್ನು ‘ಇದ್ದೀಯಾ’ ಕಿತ್ತುಕೊಳ್ಳುತ್ತದೆ. ಮುಂದೆ ಅವರು ‘ಏನ್ಮಾಡ್ತಿದ್ದೀಯಾ?’ ಎಂದು ಏಕವಚನಕ್ಕೆ ಇಳಿದರೂ ನೀವು ಇಳಿಯಬೇಡಿ. ಹಿರಿಯರ ಏಕವಚನ ಸಲುಗೆ ಎನಿಸಬಹುದು, ಕಿರಿಯರದು ಉದ್ಧಟತನವಾಗುತ್ತದೆ. ಓರಗೆಯವರಾದರೆ ಅವರು ‘ನೀನು’ ಎಂದ ಮೇಲೆ ನೀವೂ ಅನ್ನಬಹುದು.